ಬೋರ್ಡ್ ಮೇಲಿನ ದರ ಬೇರೆ, ಪ್ರೋಟೀನ್ ದರ ಬೇರೆ: ಮೊಟ್ಟೆ, ಕೋಳಿ, ಮೀನಿನ ಲೆಕ್ಕ

ಕೋಳಿ ಅಂಗಡಿ ಮುಂದೆ ನಿಂತಾಗ ನಾವು ನೋಡುವುದು ಕೆಜಿಗೆ ಎಷ್ಟು ಅಂತ. ಮೊಟ್ಟೆಗೆ ಬಂದರೆ ಒಂದಕ್ಕೆ ಎಷ್ಟು ಅಂತ ಕೇಳುತ್ತೇವೆ. ಮೀನಿಗೆ ಮತ್ತೆ ಕೆಜಿ ಲೆಕ್ಕ, ಆದರೆ ಆ ಕೆಜಿಯಲ್ಲಿ ತಲೆ, ಹೊಟ್ಟೆ, ಪೊರೆ ಎಲ್ಲ ಸೇರಿರುತ್ತದೆ. ಮೂರಕ್ಕೂ ಅಳತೆ ಬೇರೆ ಬೇರೆ. ಹಾಗಾಗಿ ಯಾವುದು ಅಗ್ಗ, ಯಾವುದು ದುಬಾರಿ ಅನ್ನುವುದು ಬೋರ್ಡ್ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ದುಡ್ಡು ಬೀಳುತ್ತದೆ ಅಂತ ನೋಡಿದರೆ ಮಾತ್ರ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಹಾಗಾಗುತ್ತದೆ.

ಲೆಕ್ಕ ಕಷ್ಟ ಏನಿಲ್ಲ. ಕೊಟ್ಟ ದುಡ್ಡನ್ನು, ಕೊನೆಗೆ ಬಾಯಿಗೆ ಹೋಗುವ ಪ್ರೋಟೀನ್‌ನ ಗ್ರಾಂನಿಂದ ಭಾಗಿಸಿದರೆ ಮುಗಿಯಿತು. ಎಲ್ಲರೂ ಎಡವುವುದು ಆ 'ಬಾಯಿಗೆ ಹೋಗುವ' ಅನ್ನುವ ಕಡೆ. ತೂಕ ಹಾಕಿಸಿದ್ದೆಲ್ಲ ತಿನ್ನುವುದಕ್ಕೆ ಬರಲ್ಲ ಅಲ್ವಾ.

ಇಲ್ಲಿ ಹಿಡಿದಿರುವ ದರಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ಮೊಟ್ಟೆ 7 ರೂಪಾಯಿ, ಸ್ಕಿನ್‌ಲೆಸ್ ಕೋಳಿ ಕೆಜಿಗೆ 260, ಬೋನ್‌ಲೆಸ್ 380, ಕಟ್ಲಾ 200, ಬೂತಾಯಿ 180 ಅಂತ ಇಟ್ಟುಕೊಳ್ಳೋಣ. ಮೈಸೂರಲ್ಲಿ ಒಂದು ದರ ಇದ್ದರೆ ಮಂಡ್ಯದಲ್ಲಿ ಇನ್ನೊಂದು ಇರುತ್ತದೆ, ಈ ಭಾನುವಾರ ಇದ್ದದ್ದು ಮುಂದಿನ ಭಾನುವಾರ ಇರಲ್ಲ. ನಿಮ್ಮ ಅಂಗಡಿ ದರ ಹಾಕಿಕೊಂಡು ಭಾಗಿಸಿ. ದರ ಬದಲಾಗುತ್ತಿರುತ್ತದೆ, ಭಾಗಿಸುವ ಸಂಖ್ಯೆ ಹೆಚ್ಚೂಕಡಿಮೆ ಅದೇ ಇರುತ್ತದೆ. ನೆನಪಿಟ್ಟುಕೊಳ್ಳಬೇಕಾದ್ದು ಆ ಸಂಖ್ಯೆಯನ್ನೇ.

ಮೊದಲು ಕೋಳಿ, ಯಾಕೆಂದರೆ ನಮ್ಮ ಕಡೆ ಬಾಡಿನ ದುಡ್ಡು ಜಾಸ್ತಿ ಹೋಗುವುದು ಇದಕ್ಕೇ.

ಸಾರಿಗೆ ಅಂತ ಮೂಳೆ ಸಮೇತ ಕತ್ತರಿಸಿದ ಒಂದು ಕೆಜಿ ಸ್ಕಿನ್‌ಲೆಸ್ ಕೋಳಿ ತಂದಿರಿ ಅಂದುಕೊಳ್ಳಿ. ಅದರಲ್ಲಿ ಕತ್ತು, ಬೆನ್ನು, ಪಕ್ಕೆಲುಬು ಎಲ್ಲ ಬಂದಿರುತ್ತದೆ. ಊಟ ಆದಮೇಲೆ ತಟ್ಟೆ ಪಕ್ಕ ಉಳಿಯುವ ಮೂಳೆ ಕಳೆದರೆ ಮಾಂಸ ಅಂತ ಸಿಗುವುದು ಸುಮಾರು 650 ಗ್ರಾಂ. ಹಸಿ ಕೋಳಿ ಮಾಂಸದಲ್ಲಿ ಪ್ರೋಟೀನ್ ನೂರಕ್ಕೆ ಸುಮಾರು 20 ಗ್ರಾಂ ಇರುತ್ತದೆ. ಎದೆ ಭಾಗದಲ್ಲಿ ಸ್ವಲ್ಪ ಜಾಸ್ತಿ, ತೊಡೆಯಲ್ಲಿ ಸ್ವಲ್ಪ ಕಡಿಮೆ. ಅಲ್ಲಿಗೆ ಒಂದು ಕೆಜಿಗೆ ಸಿಕ್ಕಿದ್ದು 130 ಗ್ರಾಂ ಪ್ರೋಟೀನ್. 260 ರೂಪಾಯಿಯನ್ನು 130ರಿಂದ ಭಾಗಿಸಿದರೆ ಗ್ರಾಂಗೆ 2 ರೂಪಾಯಿ.

ಇನ್ನು ಬೋನ್‌ಲೆಸ್. ಬೋರ್ಡ್ ಮೇಲೆ 380 ಅಂತ ಕಂಡ ತಕ್ಷಣ ಶ್ರೀಮಂತರ ಐಟಂ ಅಂತ ಪಕ್ಕಕ್ಕೆ ಸರಿಯುವವರೇ ಜಾಸ್ತಿ. ಆದರೆ ಎದೆ ಭಾಗದ ಬೋನ್‌ಲೆಸ್ ಆದರೆ ಅದರಲ್ಲಿ ಬಿಸಾಕುವುದು ಏನೂ ಇಲ್ಲ, ಕೆಜಿಗೆ ಸುಮಾರು 218 ಗ್ರಾಂ ಪ್ರೋಟೀನ್ ಪೂರ್ತಿ ಸಿಗುತ್ತದೆ. 380 ಭಾಗಿಸು 218 ಅಂದರೆ ಗ್ರಾಂಗೆ ಸುಮಾರು 1 ರೂಪಾಯಿ 75 ಪೈಸೆ. ಮೂಳೆ ಕೋಳಿಗಿಂತ ಅಗ್ಗ! ಸುಮ್ನೆ ಒಂದು ಅಂದಾಜು ಇಟ್ಟುಕೊಳ್ಳಿ: ಬೋನ್‌ಲೆಸ್ ದರ ಮೂಳೆ ಕೋಳಿ ದರಕ್ಕಿಂತ ಒಂದೂವರೆ ಪಟ್ಟು ಇದ್ದರೆ ಬೋನ್‌ಲೆಸ್ಸೇ ಲಾಭ, 1.7 ಪಟ್ಟು ದಾಟಿದರೆ ಮೂಳೆ ಕೋಳಿ ಲಾಭ. ಮುದ್ದೆಗೆ ಸಾರು ಬೇಕು ಅಂದರೆ ಮೂಳೆ ಇರಲೇಬೇಕು, ಆ ರುಚಿ ಬೋನ್‌ಲೆಸ್‌ನಲ್ಲಿ ಬರುವುದಿಲ್ಲ, ಅದು ಬೇರೆ ಮಾತು. ಮೂಳೆಯಿಂದ ಸಾರಿಗೆ ಸ್ವಲ್ಪ ಜೆಲಟಿನ್ ಇಳಿಯುವುದೂ ನಿಜ. ಆದರೆ ಅದು ಈ ಲೆಕ್ಕವನ್ನು ತಲೆಕೆಳಗು ಮಾಡುವಷ್ಟು ಇರುವುದಿಲ್ಲ.

ಅಂಗಡಿಯಲ್ಲಿ ಇನ್ನೂ ಎರಡು ದರ ಬರೆದಿರುತ್ತಾರೆ, ಒಂದು ಲೈವ್, ಇನ್ನೊಂದು ವಿತ್ ಸ್ಕಿನ್. ಲೈವ್ ಅಂದರೆ ಜೀವ ಇರುವ ಕೋಳಿಯ ತೂಕ. 2 ಕೆಜಿ ಕೋಳಿಯಲ್ಲಿ ರಕ್ತ, ಪುಕ್ಕ, ಕರುಳು, ಕಾಲು, ತಲೆ, ಚರ್ಮ ಹೋಗಿ ಸುಮಾರು 1.3 ಕೆಜಿ ಉಳಿಯುತ್ತದೆ. ಹಾಗಾಗಿ ಲೈವ್ ದರವನ್ನು ಒಂದೂವರೆ ಪಟ್ಟು ಮಾಡಿಕೊಂಡು ಸ್ಕಿನ್‌ಲೆಸ್ ದರದ ಪಕ್ಕ ಇಟ್ಟು ನೋಡಿ. ಲೈವ್ 160 ಅಂದರೆ ಸ್ಕಿನ್‌ಲೆಸ್ 240ರ ಆಸುಪಾಸು ಬಿದ್ದ ಹಾಗೆ. ವಿತ್ ಸ್ಕಿನ್‌ನಲ್ಲಿ ತೂಕದ ಹತ್ತನೇ ಒಂದು ಭಾಗ ಚರ್ಮ, ಅದರಲ್ಲಿ ಬಹುಪಾಲು ಕೊಬ್ಬು. 230ಕ್ಕೆ ವಿತ್ ಸ್ಕಿನ್, 260ಕ್ಕೆ ಸ್ಕಿನ್‌ಲೆಸ್ ಇದ್ದರೆ ಎರಡೂ ಒಂದೇ. ಮೂವತ್ತು ರೂಪಾಯಿ ಉಳಿಯಿತು ಅಂತ ಅನ್ನಿಸುತ್ತದೆ, ಆದರೆ ಪ್ರೋಟೀನ್ ಲೆಕ್ಕದಲ್ಲಿ ಏನೂ ಉಳಿದಿರುವುದಿಲ್ಲ. ಚರ್ಮ ಇಷ್ಟಪಟ್ಟು ತಿನ್ನುವವರು ತಗೊಳ್ಳಲಿ, ಉಳಿತಾಯಕ್ಕೆ ಅಂತ ಬೇಡ.

ನಾಟಿ ಕೋಳಿ ಬಗ್ಗೆ ಒಂದೇ ಮಾತು. ಅದರ ದರ ಜಾಸ್ತಿ, ಮಾಂಸ ಕಡಿಮೆ, ಮೂಳೆ ಹೆಚ್ಚು. ಪ್ರೋಟೀನ್‌ಗೋಸ್ಕರ ಅದನ್ನು ತರುವವರು ಯಾರೂ ಇಲ್ಲ, ರುಚಿಗೆ ತರುತ್ತಾರೆ, ಹಬ್ಬಕ್ಕೆ ತರುತ್ತಾರೆ. ಅದು ಹಾಗೇ ಇರಲಿ.

ಈಗ ಮೊಟ್ಟೆ. 55 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಚಿಪ್ಪು ಹೋಗಿ 49 ಗ್ರಾಂ ಉಳಿಯುತ್ತದೆ, ಅದರಲ್ಲಿ ಪ್ರೋಟೀನ್ 6.3 ಗ್ರಾಂ. 7 ರೂಪಾಯಿ ಭಾಗಿಸು 6.3 ಅಂದರೆ ಗ್ರಾಂಗೆ 1 ರೂಪಾಯಿ 11 ಪೈಸೆ. ಕೋಳಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, 7 ರೂಪಾಯಿಯ ಮೊಟ್ಟೆಗೆ ಸರಿಸಮ ಆಗಬೇಕು ಅಂದರೆ ಮೂಳೆ ಕೋಳಿ ಕೆಜಿಗೆ 145 ರೂಪಾಯಿ ಆಗಬೇಕು. ಮೊಟ್ಟೆ ದರವನ್ನು ಇಪ್ಪತ್ತರಿಂದ ಗುಣಿಸಿದರೆ ಈ ಅಂದಾಜು ಬಾಯಲ್ಲೇ ಸಿಗುತ್ತದೆ. 8 ರೂಪಾಯಿ ಆದರೂ 160, ಸ್ಕಿನ್‌ಲೆಸ್ ಕೋಳಿ ಅಷ್ಟಕ್ಕೆ ಎಲ್ಲಿ ಸಿಗುತ್ತದೆ ಹೇಳಿ? ಚಳಿಗಾಲದಲ್ಲಿ ಮೊಟ್ಟೆ ದರ ಏರಿತು ಅಂತ ಜನ ಬೇಜಾರು ಮಾಡಿಕೊಂಡು ಕೋಳಿ ಕಡೆ ಹೋಗುತ್ತಾರಲ್ಲ, ಆಗಲೂ ಅಗ್ಗ ಮೊಟ್ಟೆಯೇ.

ಮೊಟ್ಟೆಯಲ್ಲಿ ದುಡ್ಡು ಸೋರುವ ಜಾಗ ಎರಡಿವೆ. ಮೊದಲನೆಯದು ಗಾತ್ರ. ಮೊಟ್ಟೆ ಇಡಲು ಈಗಷ್ಟೇ ಶುರು ಮಾಡಿದ ಕೋಳಿಗಳ ಮೊಟ್ಟೆ ಚಿಕ್ಕದಿರುತ್ತದೆ, 45 ಗ್ರಾಂ ಆಸುಪಾಸು. ಅದನ್ನು ಒಂದು ರೂಪಾಯಿ ಕಡಿಮೆಗೆ ಕೊಡುತ್ತೇವೆ ಅಂದರೆ ಲಾಭ ಅನ್ನಿಸುತ್ತದೆ. ಆದರೆ ಅದರಲ್ಲಿ ಪ್ರೋಟೀನ್ 5 ಗ್ರಾಂ ಚಿಲ್ಲರೆ ಮಾತ್ರ, ಹಾಗಾಗಿ 6 ರೂಪಾಯಿ ಕೊಟ್ಟರೂ ದರ ದೊಡ್ಡ ಮೊಟ್ಟೆಗಿಂತ ನಾಲ್ಕೈದು ಪೈಸೆ ಜಾಸ್ತಿಯೇ ಬೀಳುತ್ತದೆ. ಟ್ರೇ ಲೆಕ್ಕದಲ್ಲಿ ತರುವವರು ಒಮ್ಮೆ ತೂಕ ಹಾಕಿ ನೋಡಿ. ಮೂವತ್ತು ಮೊಟ್ಟೆಯ ತೂಕ ಟ್ರೇ ಬಿಟ್ಟು 1.6 ಕೆಜಿ ಹತ್ತಿರ ಇದ್ದರೆ ಸರಿಯಾದ ಗಾತ್ರ, 1.4 ಕೆಜಿಗಿಂತ ಕೆಳಗಿದ್ದರೆ ಪುಟ್ಟ ಮೊಟ್ಟೆ. ನಾಟಿ ಮೊಟ್ಟೆಯೂ ಚಿಕ್ಕದೇ, ದರ ಮಾತ್ರ ಎರಡು ಪಟ್ಟು. ಪ್ರೋಟೀನ್ ವಿಷಯದಲ್ಲಿ ಅದಕ್ಕೆ ವಿಶೇಷ ಏನೂ ಇಲ್ಲ.

ಎರಡನೆಯದು ಹಳದಿ ಬಿಸಾಕುವುದು. ಜಿಮ್‌ಗೆ ಹೋಗುವ ಹುಡುಗರಲ್ಲಿ ಇದು ಜಾಸ್ತಿ. ಪ್ರೋಟೀನ್ ಎಲ್ಲ ಬಿಳಿಯಲ್ಲೇ ಇದೆ ಅಂತ ಅವರ ನಂಬಿಕೆ. ನಿಜ ಏನೆಂದರೆ 6.3 ಗ್ರಾಂನಲ್ಲಿ 2.7 ಗ್ರಾಂ ಹಳದಿಯಲ್ಲಿದೆ, ಬಿಳಿಯಲ್ಲಿ ಸಿಗುವುದು 3.6 ಗ್ರಾಂ. ಹಳದಿ ತೆಗೆದು ಎಸೆದ ಗಳಿಗೆಯಲ್ಲೇ ಗ್ರಾಂಗೆ 1 ರೂಪಾಯಿ 11 ಪೈಸೆ ಇದ್ದದ್ದು 1 ರೂಪಾಯಿ 94 ಪೈಸೆ ಆಯಿತು, ಅಂದರೆ ಕೋಳಿ ದರಕ್ಕೇ ಬಂದು ನಿಂತಿತು. ಕೊಲೆಸ್ಟ್ರಾಲ್ ಅಂತ ಡಾಕ್ಟರ್ ಬೇಡ ಅಂದಿದ್ದರೆ ಸರಿ, ಅವರ ಮಾತು ಕೇಳಿ. ಸುಮ್ನೆ ಯಾರೋ ಹೇಳಿದರು ಅಂತ ಎಸೆಯುತ್ತಿದ್ದರೆ ಮೊಟ್ಟೆಯ ಅಗ್ಗದ ಲಾಭವನ್ನೇ ಎಸೆದ ಹಾಗೆ. ಹಸಿ ಮೊಟ್ಟೆ ಒಡೆದು ಕುಡಿಯುವುದೂ ಇಂಥದ್ದೇ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ತೊಂಬತ್ತು ಭಾಗ ಜೀರ್ಣ ಆಗುತ್ತದೆ, ಹಸಿಯಲ್ಲಿ ಅರ್ಧದಷ್ಟು ಮಾತ್ರ. ಮೇಲಿಂದ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಅಪಾಯ ಬೇರೆ. ಕಡಿಮೆ ದರಕ್ಕೆ ಸಿಗುವ ಬಿರುಕು ಬಿಟ್ಟ ಮೊಟ್ಟೆಯಲ್ಲೂ ಅದೇ ಭಯ, ಹಾಗಾಗಿ ಅದನ್ನು ತರದೇ ಇರುವುದೇ ಒಳ್ಳೆಯದು.

ಮೊಟ್ಟೆಗಿಂತ ಅಗ್ಗ ಇನ್ನೊಂದಿದೆ, ಅದೇ ಕೋಳಿ ಅಂಗಡಿಯಲ್ಲೇ. ಲಿವರ್ ಮತ್ತು ಗಿಜರ್ಡ್. ಕೆಜಿಗೆ 160 ಅಂದುಕೊಂಡರೂ ಎರಡರಲ್ಲೂ ಮೂಳೆ ಇಲ್ಲ, ಕೆಜಿಗೆ 170 ಗ್ರಾಂ ಪ್ರೋಟೀನ್ ಸಿಗುತ್ತದೆ. ಗ್ರಾಂಗೆ 94 ಪೈಸೆ ಬಿತ್ತು. ಲಿವರ್‌ನಲ್ಲಿ ಕಬ್ಬಿಣಾಂಶವೂ ಚೆನ್ನಾಗಿದೆ, ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಹಾಗಂತ ದಿನಾ ತಿನ್ನುವಂಥದ್ದಲ್ಲ. ಲಿವರ್‌ನಲ್ಲಿ ವಿಟಮಿನ್ ಎ ವಿಪರೀತ ಇದೆ, ವಾರಕ್ಕೊಮ್ಮೆ ಸಾಕು, ಬಸುರಿಯರು ಡಾಕ್ಟರನ್ನು ಕೇಳದೆ ತಿನ್ನಬಾರದು. ಯೂರಿಕ್ ಆಸಿಡ್ ತೊಂದರೆ ಇರುವವರೂ ದೂರ ಇರಬೇಕು. ತರುವಾಗ ಬಣ್ಣ ನೋಡಿ: ಕಂದುಗೆಂಪು, ಹೊಳಪು, ಮುಟ್ಟಿದರೆ ಗಟ್ಟಿ ಇರಬೇಕು. ಹಸಿರು ಕಲೆ ಕಂಡರೆ ಪಿತ್ತಕೋಶ ಒಡೆದಿದೆ ಅಂತ ಅರ್ಥ, ಅಷ್ಟು ಭಾಗ ಕೊಯ್ದು ತೆಗೆಯದಿದ್ದರೆ ಇಡೀ ಪಲ್ಯ ಕಹಿ ಆಗುತ್ತದೆ.

ಮೀನಿಗೆ ಬಂದರೆ ಲೆಕ್ಕ ಬೇಗ ಜಾರುತ್ತದೆ. ಕಟ್ಲಾ ಕೆಜಿಗೆ 200, ಕೋಳಿಗಿಂತ 60 ರೂಪಾಯಿ ಕಡಿಮೆ, ಹಾಗಾಗಿ ಅಗ್ಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೀನನ್ನು ಇಡಿಯಾಗಿ ತೂಗಿ ಆಮೇಲೆ ಕ್ಲೀನ್ ಮಾಡುತ್ತಾರೆ. ಪೊರೆ, ಕಿವಿರು, ರೆಕ್ಕೆ, ಹೊಟ್ಟೆಯೊಳಗಿನದು ಅಲ್ಲೇ ಬುಟ್ಟಿಗೆ ಬೀಳುತ್ತದೆ. ಕಟ್ಲಾದ ತಲೆ ಬೇರೆ ದೊಡ್ಡದು. ಮನೆಗೆ ಬಂದಮೇಲೆ ಬೆನ್ನುಮೂಳೆ, ಮುಳ್ಳು. ಕೊನೆಗೆ ತಿನ್ನುವುದಕ್ಕೆ ಸಿಗುವ ಮಾಂಸ ತೂಗಿದ್ದರಲ್ಲಿ ಅರ್ಧ. 500 ಗ್ರಾಂ ಮಾಂಸ, ನೂರಕ್ಕೆ 18 ಗ್ರಾಂ ಪ್ರೋಟೀನ್, ಅಲ್ಲಿಗೆ ಕೆಜಿಗೆ 90 ಗ್ರಾಂ. ಗ್ರಾಂಗೆ 2 ರೂಪಾಯಿ 22 ಪೈಸೆ. ಕ್ಲೀನ್ ಮಾಡಿದ್ದಕ್ಕೆ ಬೇರೆ ದುಡ್ಡು ತಗೊಂಡರೆ ಅದನ್ನೂ ಸೇರಿಸಿ. ತಲೆ ಬಿಡದೆ ಸಾರಿಗೆ ಹಾಕಿ ಚೀಪಿ ತಿನ್ನುವವರಿಗೆ ಇದು ಸ್ವಲ್ಪ ಇಳಿದು ಕೋಳಿಯ ಮಟ್ಟಕ್ಕೆ ಬರುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದು ಕಷ್ಟ.

ನಿಮ್ಮ ಮನೆಯ ಸಂಖ್ಯೆ ಬೇಕಿದ್ದರೆ ಒಮ್ಮೆ ಮನೆಗೆ ತಂದ ತುಂಡುಗಳನ್ನು ತೂಗಿ ನೋಡಿ. ಒಂದು ಕೆಜಿ ತೂಗಿಸಿದ ಕಟ್ಲಾ ತಲೆ ಸಮೇತ 750 ಗ್ರಾಂ ಬಂದರೆ ಸರಿ ಇದೆ. 650ಕ್ಕಿಂತ ಕೆಳಗೆ ಬಂದರೆ ಮೊಟ್ಟೆ ತುಂಬಿದ ಮೀನಾಗಿರಬಹುದು, ಇಲ್ಲವೇ ತಕ್ಕಡಿಗೆ ಐಸ್ ನೀರೂ ಸೇರಿರಬಹುದು.

ಬೂತಾಯಿ ಕತೆ ಬೇರೆ. ಕರಾವಳಿಯಿಂದ ಐಸ್ ಬಾಕ್ಸ್‌ನಲ್ಲಿ ಮೈಸೂರಿಗೆ ಬರುವ ಮೀನುಗಳಲ್ಲಿ ಇದೇ ಸಾಮಾನ್ಯವಾಗಿ ಅಗ್ಗದ್ದು. ತಲೆ ಚಿಕ್ಕದು, ಹೊಟ್ಟೆ ಚಿಕ್ಕದು, ಸಣ್ಣ ಮುಳ್ಳು ಬೆಂದಮೇಲೆ ತಿನ್ನುವುದಕ್ಕೇ ಬರುತ್ತದೆ. ಕೆಜಿಗೆ 110 ಗ್ರಾಂ ಪ್ರೋಟೀನ್ ಅಂತ ಹಿಡಿದರೆ 180 ರೂಪಾಯಿಗೆ ಗ್ರಾಂಗೆ 1 ರೂಪಾಯಿ 64 ಪೈಸೆ. ಕಟ್ಲಾಗಿಂತಲೂ ಕೋಳಿಗಿಂತಲೂ ಅಗ್ಗ. ಇದರ ಜೊತೆ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬು ಇದರಲ್ಲಿ ಚೆನ್ನಾಗಿದೆ, ಕೋಳಿಯಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಎಣ್ಣೆ ಜಾಸ್ತಿ ಇರುವುದರಿಂದಲೇ ಬೂತಾಯಿ ಬೇಗ ಕೆಡುತ್ತದೆ. ಹೊಟ್ಟೆ ಒಡೆದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಕಿವಿರು ಕಂದು ಆಗಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕೆಆರ್‌ಎಸ್ ಹಿನ್ನೀರು, ಕೆರೆ ಕಡೆಯಿಂದ ಬರುವ ಜಿಲೇಬಿ ಮೀನು ಮಂಡ್ಯದಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದಕ್ಕೂ ಕಟ್ಲಾದ ಹಾಗೆ 90ರಿಂದ ಭಾಗಿಸಿ. ಕೆಜಿಗೆ 130 ಇದ್ದರೆ ಗ್ರಾಂಗೆ 1 ರೂಪಾಯಿ 44 ಪೈಸೆ, ತಾಜಾ ಇದ್ದರೆ ಬಿಡಬೇಡಿ.

ಮೊಬೈಲಲ್ಲಿ ಹುಡುಕಿ ಲೆಕ್ಕ ಹಾಕುವವರು ಬೀಳುವ ಒಂದು ಗುಂಡಿ ಇದೆ, ಅದನ್ನು ಹೇಳಲೇಬೇಕು. ನೂರು ಗ್ರಾಂ ಕೋಳಿಯಲ್ಲಿ 31 ಗ್ರಾಂ ಪ್ರೋಟೀನ್ ಅಂತ ಕಾಣುತ್ತದೆ. ಅದು ಬೆಂದ ಎದೆ ಮಾಂಸದ ಸಂಖ್ಯೆ. ಬೇಯುವಾಗ ನೀರು ಹೋಗಿ ತೂಕ ಇಳಿಯುತ್ತದೆ, ಪ್ರೋಟೀನ್ ಅಷ್ಟೇ ಇರುತ್ತದೆ, ಆದ್ದರಿಂದ ನೂರು ಗ್ರಾಂಗೆ ಜಾಸ್ತಿ ಕಾಣುತ್ತದೆ. ಅಂಗಡಿಯಲ್ಲಿ ತೂಗುವುದು ಹಸಿ ಮಾಂಸ. ಒಂದು ಕೆಜಿ ಹಸಿ ಬೋನ್‌ಲೆಸ್‌ಗೆ 310 ಗ್ರಾಂ ಪ್ರೋಟೀನ್ ಅಂತ ಹಿಡಿದರೆ ಇಲ್ಲದ 90 ಗ್ರಾಂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಸಿ ತೂಕಕ್ಕೆ ಹಸಿ ಸಂಖ್ಯೆ, ಬೆಂದ ತೂಕಕ್ಕೆ ಬೆಂದ ಸಂಖ್ಯೆ, ಎರಡನ್ನೂ ಬೆರೆಸಬಾರದು.

ಇನ್ನು ಒಂದು ಮನೆಯ ಲೆಕ್ಕ ಪೂರ್ತಿ ಹಾಕೋಣ. ಮಂಡ್ಯದಲ್ಲಿ ನಾಲ್ಕು ಜನರ ಸಂಸಾರ ಅಂದುಕೊಳ್ಳಿ, ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಸೋಮವಾರ, ಶನಿವಾರ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವಾರಕ್ಕೆ ಬಾಡೂಟಕ್ಕೆ ಅಂತ 700 ರೂಪಾಯಿ ಎತ್ತಿಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ 65 ಕೆಜಿ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕೆಜಿ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಬೇಕು. ಮುದ್ದೆ, ಅನ್ನ, ಕಾಳಿನ ಸಾರು, ಹಾಲು, ಮೊಸರಿನಿಂದ ಒಂದಷ್ಟು ಬಂದೇ ಬರುತ್ತದೆ (ಹುರುಳಿಕಾಳಿಗೆ ಈ ಲೆಕ್ಕ ಹಾಕಿದರೆ ಮೇಲಿನ ಎಲ್ಲಕ್ಕಿಂತ ಅಗ್ಗ ಬೀಳುತ್ತದೆ, ಅದನ್ನು ಬಿಡಬೇಡಿ). ಉಳಿದದ್ದನ್ನು ಬಾಡು ತುಂಬಬೇಕು.

ಈಗ ಅವರು ತರುವುದು ಭಾನುವಾರ ಒಂದೂವರೆ ಕೆಜಿ ಸ್ಕಿನ್‌ಲೆಸ್ ಕೋಳಿ, 390 ರೂಪಾಯಿ, ಅದರಲ್ಲಿ 195 ಗ್ರಾಂ ಪ್ರೋಟೀನ್. ಬುಧವಾರ ಒಂದೂವರೆ ಕೆಜಿ ಕಟ್ಲಾ, 300 ರೂಪಾಯಿ, 135 ಗ್ರಾಂ. ಒಟ್ಟು 690 ರೂಪಾಯಿಗೆ 330 ಗ್ರಾಂ, ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 12 ಗ್ರಾಂಗೂ ಕಡಿಮೆ. ಅದೂ ಎರಡು ದಿನದಲ್ಲೇ ಎಲ್ಲ ಸಿಕ್ಕಿ, ಮಿಕ್ಕ ದಿನ ಖಾಲಿ.

ಅಷ್ಟೇ ದುಡ್ಡನ್ನು ಹೀಗೆ ಹಂಚಿ ನೋಡಿ. ಭಾನುವಾರದ ಕೋಳಿ ಸಾರು ಬಿಡುವುದು ಬೇಡ, ಒಂದು ಕೆಜಿಗೆ ಇಳಿಸಿದರೆ ಸಾಕು, 260 ರೂಪಾಯಿಗೆ 130 ಗ್ರಾಂ. ಅಲ್ಲೇ ಅರ್ಧ ಕೆಜಿ ಲಿವರ್, ಗಿಜರ್ಡ್ ಕಟ್ಟಿಸಿಕೊಂಡು ಫ್ರಿಜ್‌ನಲ್ಲಿಟ್ಟರೆ ಮಂಗಳವಾರಕ್ಕೆ ಆಯಿತು, 80 ರೂಪಾಯಿಗೆ 85 ಗ್ರಾಂ. ಮಂಗಳವಾರದವರೆಗೆ ಇಡುವುದಾದರೆ ಕೆಳಗೆ ಬೇಡ, ಫ್ರೀಜರಲ್ಲೇ ಇಡಿ. ಬುಧವಾರ ಕಟ್ಲಾ ಬದಲು ಮುಕ್ಕಾಲು ಕೆಜಿ ಬೂತಾಯಿ, 135 ರೂಪಾಯಿಗೆ 82 ಗ್ರಾಂ. ಒಂದು ಟ್ರೇ ಮೊಟ್ಟೆ, ಟ್ರೇ ಲೆಕ್ಕದಲ್ಲಿ 200 ರೂಪಾಯಿಗೆ ಸಿಕ್ಕಿತು ಅಂದುಕೊಂಡರೆ 189 ಗ್ರಾಂ. ಐದು ದಿನಕ್ಕೆ ದಿನಾ ಆರು ಮೊಟ್ಟೆ ಆಯಿತು, ಮಕ್ಕಳಿಗೆ ಎರಡೆರಡು, ದೊಡ್ಡವರಿಗೆ ಒಂದೊಂದು. ಎಲ್ಲ ಸೇರಿ 675 ರೂಪಾಯಿ, 486 ಗ್ರಾಂ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 17 ಗ್ರಾಂ. ಮೊದಲಿಗಿಂತ ಒಬ್ಬೊಬ್ಬರಿಗೂ ದಿನಕ್ಕೆ ಹೆಚ್ಚೂಕಡಿಮೆ ಒಂದು ಮೊಟ್ಟೆಯಷ್ಟು ಪ್ರೋಟೀನ್ ಜಾಸ್ತಿ ಸಿಕ್ಕಿತು, ಹದಿನೈದು ರೂಪಾಯಿಯೂ ಉಳಿಯಿತು.

ಇದರಲ್ಲಿ ಎಣ್ಣೆ, ಮಸಾಲೆ, ಗ್ಯಾಸ್ ಸೇರಿಸಿಲ್ಲ. ಸೇರಿಸಿದರೆ ಮೊಟ್ಟೆಗೆ ಇನ್ನೂ ಅನುಕೂಲ, ಬೇಯಿಸಿದ ಮೊಟ್ಟೆಗೆ ನೀರು ಬಿಟ್ಟರೆ ಏನೂ ಬೇಡ. ಕೋಳಿ ಸಾರಿಗೆ ತೆಂಗಿನಕಾಯಿ, ಈರುಳ್ಳಿ, ಧನಿಯಾ, ಚಕ್ಕೆ, ಲವಂಗ ಅಂತ ಐವತ್ತು ರೂಪಾಯಿ ಹೋದರೆ ಒಂದು ಕೆಜಿಯ 130 ಗ್ರಾಂ ಮೇಲೆ ಗ್ರಾಂಗೆ ಮತ್ತೆ 38 ಪೈಸೆ ಏರುತ್ತದೆ.

ವರ್ಷದಲ್ಲಿ ಈ ಪಟ್ಟಿ ಎರಡು ಸಲ ಅಲುಗಾಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಸಮುದ್ರದ ಮೀನು ಕಡಿಮೆ ಬಂದು ದರ ಮೇಲೆ ಹೋಗುತ್ತದೆ. ಬೂತಾಯಿ ಕೆಜಿಗೆ 220 ದಾಟಿತು ಅಂದರೆ ಅದೂ ಗ್ರಾಂಗೆ 2 ರೂಪಾಯಿ ಆಯಿತು, ಆ ಎರಡು ತಿಂಗಳು ಕೆರೆ ಮೀನು, ಮೊಟ್ಟೆ ನೋಡಿಕೊಳ್ಳಿ. ಆಮೇಲೆ ಬರುವುದು ಶ್ರಾವಣ. ಬಾಡು ಬಿಡುವ ಮನೆಗಳು ಜಾಸ್ತಿ, ಕೋಳಿಗೆ ಗಿರಾಕಿ ಕಡಿಮೆ, ದರ ಇಳಿಯುವುದು ಸಾಮಾನ್ಯ. ಶ್ರಾವಣ ಆಚರಿಸದ ಮನೆಯವರು ಬೋನ್‌ಲೆಸ್ ದರವನ್ನು ಆಗ 218ರಿಂದ ಭಾಗಿಸಿ ನೋಡಬೇಕು. ಕೆಜಿಗೆ 300ರ ಕೆಳಗೆ ಬಂದರೆ ಗ್ರಾಂಗೆ 1 ರೂಪಾಯಿ 38 ಪೈಸೆ ಬೀಳುತ್ತದೆ, ಮೊಟ್ಟೆಗೆ ಕೋಳಿ ಹತ್ತಿರ ಬರುವುದು ಆಗ ಮಾತ್ರ.